ಸಮುದ್ರದ ಮೂರು ಕಥೆ: ಪುರಾಣಕಥೆ, ಐತಿಹ್ಯ, ನೀತಿಕಥೆಯ ಪಾಠವನ್ನು ಯಾವ ದಾರಿಯಲ್ಲಿ ಹೇಳುವುದು?

ಏಳನೇ ತರಗತಿಗೆ ಪುರಾಣಕಥೆ, ಐತಿಹ್ಯ, ನೀತಿಕಥೆ ಈ ಮೂರರ ವ್ಯತ್ಯಾಸ ಹೇಳಬೇಕು. ಮಾತಾಡಲು ಸಿಗುವುದು ಆರೇಳು ನಿಮಿಷ, ಉಳಿದ ಹೊತ್ತು ಹಾಜರಿಗೆ, ಪುಸ್ತಕ ತೆಗೆಸುವುದಕ್ಕೆ ಹೋಗುತ್ತದೆ. ಯಾವ ಕಥೆ ಹಿಡಿದು ಹೇಳಲಿ? ಮುಂಬೈಯ ಕನ್ನಡ ಶಾಲೆಗಳ ಟೀಚರ್‌ಗಳು, ಭಾನುವಾರ ಕನ್ನಡ ಕ್ಲಾಸ್ ನಡೆಸುವವರು ಇದನ್ನು ಮತ್ತೆ ಮತ್ತೆ ಕೇಳುತ್ತಿರುತ್ತಾರೆ.

ದಾರಿಗಳು ಮುಖ್ಯವಾಗಿ ಮೂರು. ಬೋರ್ಡಿನ ಮೇಲೆ ವ್ಯಾಖ್ಯೆ ಬರೆದು ವಿವರಿಸಬಹುದು. ಅಥವಾ ಮಕ್ಕಳಿಗೆ ಮೊದಲೇ ಗೊತ್ತಿರುವ ಮೂರು ಕಥೆಗಳನ್ನು, ಒಂದೊಂದು ಬಗೆಗೆ ಒಂದರಂತೆ, ನೆನಪಿಸಬಹುದು. ಇಲ್ಲವೇ ಒಂದೇ ವಸ್ತುವಿನ ಮೇಲಿರುವ ಮೂರು ಕಥೆಗಳನ್ನು ಹುಡುಕಿ ಹೇಳಬಹುದು. ನಾನು ಮೂರನೆಯದರ ಪಕ್ಷ. ಆದರೆ ಎಲ್ಲ ತರಗತಿಗೂ ಅದೇ ಆಗಬೇಕೆಂದಿಲ್ಲ.

ಏನನ್ನು ನೋಡಿ ಆರಿಸಬೇಕು

ಸಮಯ ಎಷ್ಟಿದೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ, ಅದನ್ನು ಹೇಳಿಕೊಡಬೇಕಾಗಿಲ್ಲ. ಎಲ್ಲರೂ ನೋಡದೆ ಬಿಡುವುದು ಇನ್ನೆರಡು.

ಒಂದು, ಪಾಠ ಮುಗಿದ ಮೇಲೆ ಮಕ್ಕಳು ಯಾವ ಅಡ್ಡದಾರಿ ಹಿಡಿಯುತ್ತಾರೆ ಅನ್ನುವುದು. ಈ ವಿಷಯದಲ್ಲಿ ಮಕ್ಕಳು ತಾವೇ ಕಂಡುಕೊಳ್ಳುವ ಸೂತ್ರ ಯಾವಾಗಲೂ ಒಂದೇ: ದೇವರು ಇದ್ದರೆ ಪುರಾಣಕಥೆ, ರಾಜ ಇದ್ದರೆ ಐತಿಹ್ಯ, ಪ್ರಾಣಿ ಇದ್ದರೆ ನೀತಿಕಥೆ. ಹತ್ತರಲ್ಲಿ ಏಳೆಂಟು ಕಥೆಗೆ ಇದು ಸರಿಹೋಗಿಬಿಡುತ್ತದೆ, ಅದೇ ತೊಂದರೆ. ಉಳಿದ ಎರಡು ಮೂರು ಕಥೆಗಳು ಬಂದಾಗ ಸೂತ್ರ ಕೈಕೊಡುತ್ತದೆ. ಜಟಾಯು ಪಕ್ಷಿ, ಮಾತಾಡುತ್ತಾನೆ, ಆದರೆ ಅವನದು ನೀತಿಕಥೆಯಲ್ಲ.

ಇನ್ನೊಂದು, ಯಾವ ಮಗುವಿನ ಮನೆಯ ನಂಬಿಕೆಗೂ ಪೆಟ್ಟಾಗಬಾರದು. ಮುಂಬೈಯ ಒಂದು ಕನ್ನಡ ತರಗತಿಯಲ್ಲಿ ಕಲಬುರಗಿಯ ಮಗು, ಉಡುಪಿಯ ಮಗು, ಹಿಂದೂ, ಮುಸ್ಲಿಂ, ಕ್ರೈಸ್ತ, ಎಲ್ಲರೂ ಒಂದೇ ಬೆಂಚಿನಲ್ಲಿರುತ್ತಾರೆ. 'ಪುರಾಣಕಥೆ ಅಂದರೆ ನಡೆಯದೇ ಇದ್ದದ್ದು' ಎಂದು ಟೀಚರ್ ಹೇಳಿದರೆ ಸಂಜೆ ಅದು ಮನೆಗೆ ಹೋಗುತ್ತದೆ, ಬೆಳಿಗ್ಗೆ ಅಪ್ಪ ಅಮ್ಮ ಶಾಲೆಗೆ ಬರುತ್ತಾರೆ. ಅವರು ಬರುವುದು ನ್ಯಾಯವೇ, ಯಾಕೆಂದರೆ ಆ ವ್ಯಾಖ್ಯೆಯೇ ತಪ್ಪು.

ಇಲ್ಲಿ ವಿಲಿಯಂ ಬ್ಯಾಸ್ಕಮ್ ಎಂಬ ಅಮೆರಿಕದ ಜಾನಪದ ವಿದ್ವಾಂಸ ನೆರವಿಗೆ ಬರುತ್ತಾನೆ. 1965ರ ಒಂದು ಲೇಖನದಲ್ಲಿ ಅವನು ಕಥೆಗಳನ್ನು ಪಾತ್ರ ನೋಡಿ ವಿಂಗಡಿಸಲಿಲ್ಲ. ಹೇಳುವ ಜನ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಮೊದಲು ನೋಡಿದ. ನಡೆದದ್ದು ಎಂದು ಹೇಳುತ್ತಾರೋ, ಕಟ್ಟಿದ ಕಥೆ ಎಂದು ಗೊತ್ತಿದ್ದೇ ಹೇಳುತ್ತಾರೋ? ನಡೆದದ್ದು ಎಂದಾದರೆ ಯಾವಾಗ? ಜಗತ್ತು ಈಗಿನ ಹಾಗೆ ಆಗುವ ಮೊದಲೋ, ಈಗಿನ ಹಾಗೇ ಇರುವ ಜಗತ್ತಿನಲ್ಲೋ? ಮೊದಲಿನದಾದರೆ ಪುರಾಣಕಥೆ, ಆಮೇಲಿನದಾದರೆ ಐತಿಹ್ಯ. ಕಟ್ಟಿದ್ದು ಎಂದು ಎಲ್ಲರಿಗೂ ಗೊತ್ತಿದ್ದರೆ ಅದು ಜನಪದ ಕಥೆ. ನಮ್ಮ ನೀತಿಕಥೆ ಆ ಮೂರನೇ ಗುಂಪಿನೊಳಗೆ ಬರುತ್ತದೆ. ಹೀಗೆ ನೋಡಿದರೆ 'ನಿಜವಾ ಸುಳ್ಳಾ' ಎಂದು ತೀರ್ಪು ಕೊಡುವ ಕೆಲಸ ಟೀಚರ್ ತಲೆ ಮೇಲೆ ಬೀಳುವುದೇ ಇಲ್ಲ. ಇದಕ್ಕೂ ಒಂದು ಮಿತಿ ಇದೆ. ಒಂದು ಊರಿನವರು ನಡೆದದ್ದು ಎಂದು ಹೇಳುವ ಕಥೆಯನ್ನು ಪಕ್ಕದ ಊರಿನವರು ಸುಮ್ನೆ ಮಕ್ಕಳನ್ನು ಮಲಗಿಸಲು ಹೇಳುತ್ತಿರಬಹುದು. ಆದ್ದರಿಂದ ಕಥೆಯ ಜೊತೆಗೆ 'ಯಾರು ಹೇಳುವಾಗ' ಅನ್ನುವುದೂ ಬರಬೇಕು.

ಮೊದಲ ದಾರಿ: ವ್ಯಾಖ್ಯೆ

ಮೂರು ವಾಕ್ಯ ಸಾಕು. ಜಗತ್ತು, ನೆಲ, ನೀರು, ಆಚಾರ ಹೀಗೇಕೆ ಆಯಿತು ಎಂದು ಹೇಳುವ, ನಂಬುವ ಜನ ಪವಿತ್ರವೆಂದು ತಿಳಿಯುವ, ತುಂಬಾ ಹಿಂದಿನ ಕಾಲದ ಕಥೆ ಪುರಾಣಕಥೆ. ಗೊತ್ತಿರುವ ಜಾಗ, ಗೊತ್ತಿರುವ ಕಾಲ, ಹೆಸರಿರುವ ಮನುಷ್ಯರ ಸುತ್ತ, ನಡೆದದ್ದು ಎಂದೇ ಬಾಯಿಂದ ಬಾಯಿಗೆ ಬಂದ ಕಥೆ ಐತಿಹ್ಯ. ಒಂದು ಬುದ್ಧಿಮಾತನ್ನು ಮನಸ್ಸಿಗೆ ಮುಟ್ಟಿಸಲು ಬೇಕೆಂದೇ ಕಟ್ಟಿದ, ಹೆಚ್ಚಾಗಿ ಪ್ರಾಣಿಪಕ್ಷಿಗಳು ಮಾತಾಡುವ ಪುಟ್ಟ ಕಥೆ ನೀತಿಕಥೆ.

ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಾಳೆ ಪರೀಕ್ಷೆ, ಎರಡು ಅಂಕದ ಪ್ರಶ್ನೆ ಬರಬಹುದು ಅಂತಾದರೆ ಇದೇ ಸರಿ, ಬೇರೆ ಯೋಚನೆ ಬೇಡ. ಒಂಬತ್ತು, ಹತ್ತನೇ ತರಗತಿಯವರಿಗೆ ಸಾಲುತ್ತದೆ ಕೂಡ. ಚಿಕ್ಕ ಮಕ್ಕಳು ಮಾತ್ರ 'ಹೆಚ್ಚಾಗಿ ಪ್ರಾಣಿಪಕ್ಷಿಗಳು' ಅನ್ನುವುದರಲ್ಲಿ 'ಹೆಚ್ಚಾಗಿ' ಬಿಟ್ಟು ಉಳಿದದ್ದನ್ನು ಬಾಯಿಪಾಠ ಮಾಡುತ್ತಾರೆ.

ಎರಡನೇ ದಾರಿ: ಗೊತ್ತಿರುವ ಮೂರು ಕಥೆ

ಹೆಚ್ಚಿನವರು ಮಾಡುವುದು ಇದನ್ನೇ. ಪುರಾಣಕಥೆಗೆ ಭಗೀರಥ ಗಂಗೆಯನ್ನು ತಂದದ್ದು, ಐತಿಹ್ಯಕ್ಕೆ ತಾನಾಜಿ ಮಾಲುಸರೆ, ನೀತಿಕಥೆಗೆ ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದು. ತಯಾರಿಯೇ ಬೇಡ. ಮಕ್ಕಳೇ ಅರ್ಧ ಕಥೆ ಹೇಳಿಬಿಡುತ್ತಾರೆ, ತರಗತಿಗೆ ಜೀವ ಬರುತ್ತದೆ. ಮೂರು, ನಾಲ್ಕನೇ ತರಗತಿಗೆ ನಾನು ಇದನ್ನೇ ಹೇಳುತ್ತೇನೆ, ಅವರಿಗೆ ಇಷ್ಟು ಸಾಕು.

ದೊಡ್ಡ ಮಕ್ಕಳಿಗೆ ಇದರಿಂದ ಆಗುವ ನಷ್ಟ ಸ್ವಲ್ಪ ಜಾಸ್ತಿ. ಮೊದಲನೆಯದರಲ್ಲಿ ದೇವರು, ಎರಡನೆಯದರಲ್ಲಿ ವೀರ, ಮೂರನೆಯದರಲ್ಲಿ ಪ್ರಾಣಿ. ಮೇಲೆ ಹೇಳಿದ ಅಡ್ಡದಾರಿಯ ಸೂತ್ರವನ್ನು ನಾವೇ ಕೈಯಾರೆ ಕೊಟ್ಟ ಹಾಗಾಯಿತು. ಪರೀಕ್ಷಿಸಬೇಕಾದರೆ ಗೋವಿನ ಹಾಡಿನ ಕಥೆ ಯಾವ ಗುಂಪು ಅಂತ ಕೇಳಿ ನೋಡಿ. ಹಸು ಮಾತಾಡುತ್ತದೆ, ಹುಲಿ ಮಾತಾಡುತ್ತದೆ, ಹಾಗಾಗಿ 'ನೀತಿಕಥೆ' ಎಂದು ಇಡೀ ತರಗತಿ ಕೂಗುತ್ತದೆ. ಉತ್ತರ ತಪ್ಪಲ್ಲ. ಆದರೆ ಅಲ್ಲಿ ಕರ್ನಾಟಕದ ಹೆಸರಿದೆ, ಕಾಳಿಂಗನೆಂಬ ಗೊಲ್ಲನ ಹೆಸರಿದೆ, ಸಾಮಾನ್ಯ ನೀತಿಕಥೆಯಲ್ಲಿ ನಾಡಿಗೂ ಮನುಷ್ಯನಿಗೂ ಹೀಗೆ ಹೆಸರಿರುವುದಿಲ್ಲವಲ್ಲ ಎಂದು ಕೇಳಿದರೆ ಯಾರ ಬಳಿಯೂ ಮಾತಿರುವುದಿಲ್ಲ. ಉತ್ತರ ಸರಿ ಬಂತು, ಕಾರಣ ಬರಲಿಲ್ಲ.

ಮೂರನೇ ದಾರಿ: ಸಮುದ್ರ ಸೋಲುವ ಮೂರು ಕಥೆ

ಮುಂಬೈಯಲ್ಲಿದ್ದು ಸಮುದ್ರವನ್ನು ಬಿಟ್ಟು ಬೇರೆ ವಸ್ತು ಹುಡುಕುವುದು ದಂಡ. ಒಂದೇ ವಸ್ತು ಹಿಡಿಯುವುದರ ಲಾಭ ಏನೆಂದರೆ, ಮೂರು ಕಥೆಗಳಲ್ಲೂ ನಡೆಯುವುದು ಹೆಚ್ಚುಕಡಿಮೆ ಒಂದೇ: ಸಮುದ್ರ ಹಠ ಮಾಡುತ್ತದೆ, ಕೊನೆಗೆ ಬಿಟ್ಟುಕೊಡುತ್ತದೆ. ಮೇಲಿನ ವೇಷ ಒಂದೇ ಆದಾಗ ಒಳಗಿನ ವ್ಯತ್ಯಾಸ ಕಾಣಿಸದೆ ಹೋಗುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಮೂರರಲ್ಲೂ ದೇವರು ಬರುತ್ತಾನೆ ಅಥವಾ ಬರುತ್ತಾಳೆ. ಹಾಗಾಗಿ 'ದೇವರಿದ್ದರೆ ಪುರಾಣ' ಅನ್ನುವ ಸೂತ್ರಕ್ಕೆ ಅಲ್ಲೇ ಬಾಗಿಲು ಮುಚ್ಚುತ್ತದೆ.

ಮಾತು ಹೀಗಿರಬಹುದು:

'ಮಕ್ಕಳೇ, ಇವತ್ತು ಮೂರು ಕಥೆ. ಮೂರರಲ್ಲೂ ಸಮುದ್ರ ಸೋಲುತ್ತದೆ. ಆದರೂ ಮೂರೂ ಒಂದೇ ಜಾತಿಯವಲ್ಲ. ಯಾಕೆ ಅಂತ ಕೊನೆಗೆ ನೀವು ಹೇಳಬೇಕು.

'ಒಂದು. ಪರಶುರಾಮ ತಾನು ಗೆದ್ದ ಭೂಮಿಯನ್ನೆಲ್ಲ ಕಶ್ಯಪರಿಗೆ ದಾನ ಮಾಡಿದ. ಕೊಟ್ಟ ನೆಲದಲ್ಲಿ ತಾನೇ ಇರುವ ಹಾಗಿಲ್ಲ. ಸಹ್ಯಾದ್ರಿಯ ಮೇಲೆ ನಿಂತು ನೋಡಿದ, ಕೆಳಗೆ ಬರೀ ನೀರು. ಕೈಯಲ್ಲಿದ್ದ ಕೊಡಲಿಯನ್ನು ಬೀಸಿ ಎಸೆದ. ಅದು ಬಿದ್ದ ಕಡೆಯವರೆಗೂ ಸಮುದ್ರ ಹಿಂದೆ ಸರಿಯಿತು. ಹಾಗೆ ಮೇಲೆ ಬಂದ ನೆಲವೇ ಈ ಕರಾವಳಿ. ನಿಮ್ಮಲ್ಲಿ ಮಂಗಳೂರು ಕಡೆಯವರು ಅಜ್ಜಿಯ ಬಾಯಲ್ಲಿ ಇದನ್ನು ಕೇಳಿರಬಹುದು. ಗೋವಾದವರು ಕೊಡಲಿಯಲ್ಲ, ಬಾಣ ಅನ್ನುತ್ತಾರೆ.

'ಎರಡು. ಮುಂಬೈ ಒಂದು ಕಾಲಕ್ಕೆ ಏಳು ದ್ವೀಪ. ಮಹಾಲಕ್ಷ್ಮಿಗೂ ವರ್ಲಿಗೂ ನಡುವೆ ದೊಡ್ಡ ಬಿರುಕು. ಉಬ್ಬರ ಬಂದಾಗಲೆಲ್ಲ ಅಲ್ಲಿಂದ ನೀರು ನುಗ್ಗಿ ಒಳಗಿನ ತಗ್ಗು ಜಾಗ ಮುಳುಗುತ್ತಿತ್ತು. ವಿಲಿಯಂ ಹಾರ್ನ್‌ಬಿ ಎಂಬ ಇಂಗ್ಲಿಷ್ ಗವರ್ನರ್ ಅಲ್ಲಿ ಗೋಡೆ ಕಟ್ಟಿಸಲು ಹೊರಟ. ಕಟ್ಟಿದ ಗೋಡೆ ಕುಸಿಯಿತು. ಮತ್ತೆ ಕಟ್ಟಿದರು, ಮತ್ತೆ ಕುಸಿಯಿತು. ಆಗ ಕೆಲಸ ನೋಡಿಕೊಳ್ಳುತ್ತಿದ್ದ ರಾಮಜಿ ಶಿವಜಿ ಎಂಬ ಎಂಜಿನಿಯರ್‌ಗೆ ಕನಸು ಬಿತ್ತು. ಕನಸಿನಲ್ಲಿ ದೇವಿ ಬಂದು, ನನ್ನ ವಿಗ್ರಹ ವರ್ಲಿಯ ಹತ್ತಿರ ನೀರಿನಲ್ಲಿದೆ, ಮೇಲೆ ತೆಗೆ ಅಂದಳು. ಹುಡುಕಿದರು, ಸಿಕ್ಕಿತು. ಅದಕ್ಕೆ ಗುಡಿಯಾಯಿತು, ಗೋಡೆಯೂ ನಿಂತಿತು. ಮಹಾಲಕ್ಷ್ಮಿ ಗುಡಿಗೆ ಹೋದವರು ಕೈ ಎತ್ತಿ. ಅದೇ ಗುಡಿ.

'ಮೂರು. ಸಮುದ್ರದ ದಂಡೆಯಲ್ಲಿ ಒಂದು ಜೋಡಿ ಟಿಟ್ಟಿಭ ಹಕ್ಕಿ. ಹೆಣ್ಣು ಹಕ್ಕಿ, ಇಲ್ಲಿ ಮೊಟ್ಟೆ ಇಡುವುದು ಬೇಡ, ಸಮುದ್ರ ಎಳೆದುಕೊಂಡು ಹೋಗುತ್ತದೆ ಅಂತು. ಅದಕ್ಕೆ ಅಷ್ಟು ಧೈರ್ಯವೇ ಅಂತ ಗಂಡು ಬೀಗಿತು. ಸಮುದ್ರ ಅದನ್ನು ಕೇಳಿಸಿಕೊಂಡು, ನೋಡೇಬಿಡೋಣ ಅಂತ ಮೊಟ್ಟೆಗಳನ್ನು ಎಳೆದುಕೊಂಡಿತು. ಗಂಡು ಹಕ್ಕಿ ಉಳಿದ ಹಕ್ಕಿಗಳನ್ನೆಲ್ಲ ಸೇರಿಸಿತು. ಎಲ್ಲ ಸೇರಿ ತಮ್ಮ ರಾಜ ಗರುಡನ ಹತ್ತಿರ ಹೋದವು. ಗರುಡ ವಿಷ್ಣುವಿನ ಹತ್ತಿರ ಹೋದ. ವಿಷ್ಣು ಬಾಣ ಹೂಡಿದ್ದೇ ತಡ, ಸಮುದ್ರ ಮೊಟ್ಟೆಗಳನ್ನು ತಂದು ದಡಕ್ಕಿಟ್ಟಿತು.

'ಈಗ ಹೇಳಿ. ಮೊದಲ ಕಥೆ ನಡೆದಾಗ ಮುಂಬೈ ಇತ್ತಾ? ಇರಲಿಲ್ಲ. ನೆಲವೇ ಇರಲಿಲ್ಲ, ನೆಲ ಹೇಗೆ ಬಂತು ಅನ್ನುವುದೇ ಕಥೆ. ಅದು ಪುರಾಣಕಥೆ. ಎರಡನೆಯದು? ಗವರ್ನರ್ ಇದ್ದಾನೆ, ಎಂಜಿನಿಯರ್ ಇದ್ದಾನೆ, ರಸ್ತೆ ಇದೆ, ಬೆಸ್ಟ್ ಬಸ್ಸಿನಲ್ಲಿ ಹೋಗಿ ನೋಡಬಹುದು. ಹೇಳುವವರು ನಡೆದದ್ದು ಅಂತಲೇ ಹೇಳುತ್ತಾರೆ. ಅದು ಐತಿಹ್ಯ. ಮೂರನೆಯದರಲ್ಲಿ ಹಕ್ಕಿಗೆ ಹೆಸರಿದೆಯಾ? ಯಾವ ಊರಿನ ದಂಡೆ? ಯಾರಿಗೂ ಬೇಕಾಗಿಲ್ಲ. ವಿಷ್ಣು ಇದ್ದಾನಲ್ಲ, ಹಾಗಾದರೆ ಯಾರಾದರೂ ಆ ಮೊಟ್ಟೆಗೆ ಗುಡಿ ಕಟ್ಟಿದರಾ? ಇಲ್ಲ. ಎದುರಿಗಿರುವವನ ಬಲ ತಿಳಿಯದೆ ಕೆಣಕಬೇಡ ಅಂತ ಹೇಳುವುದಕ್ಕೆ ಕಟ್ಟಿದ ಕಥೆ. ಅದು ನೀತಿಕಥೆ.'

ನಿಧಾನವಾಗಿ ಹೇಳಿದರೆ ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಮೂರನ್ನೂ ಬಾಯಲ್ಲಿ ಹೇಳುವಷ್ಟು ತಯಾರಿ ಬೇಕು, ಪುಸ್ತಕ ನೋಡಿ ಓದಿದರೆ ಕೆಡುತ್ತದೆ. ಖರ್ಚು ಅಷ್ಟೇ, ಪ್ರೊಜೆಕ್ಟರ್ ಏನೂ ಬೇಡ.

ಒಂದೊಂದರ ಒಳಗೆ ಎಡವುವ ಜಾಗ

ಟಿಟ್ಟಿಭದ ಕಥೆಯನ್ನು ಬಿಟ್ಟು ಮೊಲ ಸಿಂಹದ ಕಥೆ ಹಾಕೋಣ, ಚಿಕ್ಕದು ಎಂದು ಅನಿಸಬಹುದು. ಬೇಡ. ಈ ಮಾತಿನ ಕೀಲಿ ಇರುವುದೇ ಅಲ್ಲಿ. ವಿಷ್ಣು ಮೊದಲ ಕಥೆಯ ಹಿನ್ನೆಲೆಯಲ್ಲೂ ಇದ್ದಾನೆ, ಪರಶುರಾಮ ಅವನ ಅವತಾರವೇ. ಮೂರನೆಯದರಲ್ಲಿ ನೇರವಾಗಿ ಬರುತ್ತಾನೆ. ಎರಡೂ ಕಡೆ ಸಮುದ್ರ ಹೆದರುವುದು ಅವನಿಗೇ. ಆದರೂ ಒಂದನ್ನು ಕೇಳಿ ಜನ ಕೈ ಮುಗಿಯುತ್ತಾರೆ, ಇನ್ನೊಂದನ್ನು ಕೇಳಿ ನಗುತ್ತಾರೆ. ಪಂಚತಂತ್ರದಲ್ಲಿ ಈ ಕಥೆ ಬರುವ ಜಾಗ ನೋಡಿದರೆ ಇದು ಇನ್ನೂ ಸ್ಪಷ್ಟ. ಅದನ್ನು ಹೇಳುವವನು ದಮನಕ ಎಂಬ ನರಿ, ಕೇಳುವುದು ಸಂಜೀವಕ ಎಂಬ ಎತ್ತು, ಸಿಂಹದ ಮೇಲೆ ಯುದ್ಧಕ್ಕೆ ಹೊರಟವನಿಗೆ ಹೇಳುವ ಬುದ್ಧಿಮಾತು. ಕಥೆಯೊಳಗೆ ಹೆಣ್ಣು ಹಕ್ಕಿಯೂ ಸುಮ್ಮನಿರುವುದಿಲ್ಲ, ಬಾಯಿಬಿಟ್ಟು ಬಿದ್ದ ಆಮೆಯ ಕಥೆಯನ್ನು ಗಂಡನಿಗೆ ಹೇಳುತ್ತಾಳೆ. ಅಂದರೆ ನೀತಿಕಥೆ ಒಬ್ಬರು ಇನ್ನೊಬ್ಬರಿಗೆ ಏನನ್ನೋ ಒಪ್ಪಿಸಲು ಎತ್ತಿಕೊಳ್ಳುವ ಮಾತು. ಇದು ನಮಗೆ ಹೊಸತೇನಲ್ಲ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ, ಅವನು ಚಾಲುಕ್ಯರ ಆಸ್ಥಾನದಲ್ಲಿದ್ದವನು, ಅರಮನೆಯಲ್ಲಿ ಇಂಥ ಮಾತುಗಳಿಗೆ ಎಷ್ಟು ಕೆಲಸ ಇರುತ್ತದೆ ಅಂತ ಅವನಿಗೆ ಗೊತ್ತಿರದೆ ಇರುತ್ತದೆಯೇ.

ಐತಿಹ್ಯದಲ್ಲಿ ಎಡವುವುದು ಬೇರೆ ಥರ. 'ಅರ್ಧ ನಿಜ, ಅರ್ಧ ಸುಳ್ಳು' ಎಂದು ಹೇಳಿ ಮುಗಿಸಿಬಿಡುತ್ತಾರೆ. ಅದಕ್ಕಿಂತ, ಯಾವುದನ್ನು ದಾಖಲೆಯಲ್ಲಿ ಹುಡುಕಬಹುದು, ಯಾವುದನ್ನು ಹುಡುಕಲಾಗುವುದಿಲ್ಲ ಎಂದು ಬೇರ್ಪಡಿಸಿ ತೋರಿಸಿ. ಹಾರ್ನ್‌ಬಿ 1771ರಿಂದ 1784ರವರೆಗೆ ಮುಂಬೈಯ ಗವರ್ನರ್ ಆಗಿದ್ದ, ಇದು ದಾಖಲೆ. ಆ ಬಿರುಕು ಮುಚ್ಚಿತು, ಹಾರ್ನ್‌ಬಿ ವೆಲ್ಲಾರ್ಡ್ ಎಂದು ಹೆಸರಾಯಿತು, ಈಗ ಅಲ್ಲಿ ಲಾಲಾ ಲಜಪತರಾಯ್ ಮಾರ್ಗ ಇದೆ, ಇದೂ ದಾಖಲೆ. ಕನಸನ್ನು ಯಾವ ದಾಖಲೆಯೂ ಹೌದು ಅಥವಾ ಅಲ್ಲ ಎನ್ನಲಾರದು. ಗುಡಿಯ ವಿಷಯದಲ್ಲಿ ಎರಡು ಮಾತಿದೆ: ಗೋಡೆಯ ಜೊತೆಗೇ ಆಯಿತು ಅನ್ನುವ ಕಥೆ ಒಂದು, ಈಗಿನ ಗುಡಿಯನ್ನು ಧಾಕಜಿ ದಾದಾಜಿ ಎಂಬ ವ್ಯಾಪಾರಿ 1831ರಲ್ಲಿ ಕಟ್ಟಿಸಿದ ಅನ್ನುವುದು ಇನ್ನೊಂದು. ಹೀಗೆ ಎರಡು ಮಾತಿರುವುದೇ ಐತಿಹ್ಯದ ಗುರುತು. ಜಾಗ ಕಣ್ಣೆದುರಿಗಿದೆ, ಹಾಗಾಗಿ ಪ್ರತಿಯೊಬ್ಬರೂ ತಮ್ಮ ಮಾತನ್ನು ಅದಕ್ಕೆ ಸೇರಿಸುತ್ತಾರೆ.

ಅದೇ ರಸ್ತೆಯಿಂದ ಹಾಜಿ ಅಲಿ ದರ್ಗಾ ಕಾಣುತ್ತದೆ. ಅಲ್ಲಿಯೂ ಸಮುದ್ರದ ಐತಿಹ್ಯವೇ: ಪೀರ್ ಹಾಜಿ ಅಲಿ ಶಾ ಬುಖಾರಿಯವರ ಶವಪೆಟ್ಟಿಗೆ ನೀರಿನಲ್ಲಿ ತೇಲಿ ಬಂದು ಆ ಬಂಡೆಯ ಮೇಲೆ ನಿಂತಿತು ಎನ್ನುತ್ತಾರೆ. ಸಮಯ ಇದ್ದರೆ ಇದನ್ನೂ ಸೇರಿಸಿ. ಒಂದೇ ರಸ್ತೆ, ಎರಡು ಮತದವರ ಐತಿಹ್ಯ. ಯಾರ ನಂಬಿಕೆಯನ್ನೋ ಬೇರೆ ತೆಗೆದು ಮೇಜಿನ ಮೇಲಿಟ್ಟ ಹಾಗೆ ಆಗುವುದಿಲ್ಲ.

ಪರಶುರಾಮನ ಕಥೆ ಆದಮೇಲೆ 'ಹಾಗಾದರೆ ಅದು ಸುಳ್ಳಾ ಟೀಚರ್?' ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ನಾನಾದರೆ ಹೀಗೆ ಹೇಳುತ್ತೇನೆ: 'ಹೇಳುವವರು ನಿಜ ಅಂತಲೇ ಹೇಳುತ್ತಾರೆ, ಅದಕ್ಕೇ ಅದು ಪುರಾಣಕಥೆ. ಅವರೂ ನಂಬದಿದ್ದರೆ ಅದು ಬರೀ ಕಟ್ಟುಕಥೆ ಆಗುತ್ತಿತ್ತು.' ನೆಲ ಹೇಗೆ ಆಯಿತು ಅನ್ನುವ ವಿಜ್ಞಾನದ ಪ್ರಶ್ನೆಯನ್ನು ಭೂಗೋಳದ ತರಗತಿಗೆ ಬಿಡಿ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಹೊರಟರೆ ಇಡೀ ಪೀರಿಯಡ್ ಅದಕ್ಕೇ ಹೋಗುತ್ತದೆ.

ಗೋವಾ, ಪುಣೆಯವರಿಗೆ

ಗೋವಾದವರಿಗೆ ಇದು ಇನ್ನೂ ಸುಲಭ. ಪರಶುರಾಮನ ಬಾಣ ಬಾಣಾವಳಿಯಲ್ಲಿ ಬಿದ್ದಿತು ಎಂದು ಅಲ್ಲಿ ಹೇಳುತ್ತಾರೆ, ಅಂದರೆ ನೆಲ ಹುಟ್ಟಿದ ದೊಡ್ಡ ಪುರಾಣಕಥೆಯ ಬಾಲ ಒಂದು ಊರಿನ ಐತಿಹ್ಯಕ್ಕೆ ಗಂಟು ಬಿದ್ದಿದೆ. ಐತಿಹ್ಯಕ್ಕೆ ಸೇಂಟ್ ಫ್ರಾನ್ಸಿಸ್ ಜೇವಿಯರ್‌ರ ಏಡಿಯ ಕಥೆ ತೆಗೆದುಕೊಳ್ಳಿ. ಬಿರುಗಾಳಿ ನಿಲ್ಲಿಸಲು ಅವರು ಶಿಲುಬೆಯನ್ನು ನೀರಿನಲ್ಲಿ ಅದ್ದಿದಾಗ ಅದು ಕೈಜಾರಿತು, ದಡ ಸೇರಿದಾಗ ಒಂದು ಏಡಿ ಅದನ್ನು ಹಿಡಿದು ತಂದುಕೊಟ್ಟಿತು. ನಡೆದದ್ದು ಗೋವಾದಲ್ಲಲ್ಲ, ದೂರದ ಮೊಲುಕ್ಕಾ ದ್ವೀಪಗಳ ಕಡೆ. ಆದರೆ ಅವರು 1542ರಲ್ಲಿ ಗೋವಾಕ್ಕೆ ಬಂದವರು, ದೇಹ ಇರುವುದು ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ, ಹಾಗಾಗಿ ಕಥೆ ಅಲ್ಲಿನವರದ್ದೂ ಆಗಿದೆ. ಏಡಿ ಮುಖ್ಯ ಕೆಲಸ ಮಾಡಿದರೂ ಇದು ನೀತಿಕಥೆಯಲ್ಲ, ಅದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ. ಟಿಟ್ಟಿಭ ಹಾಗೆಯೇ ಇರಲಿ.

ಪುಣೆಯಲ್ಲಿ ಸಮುದ್ರ ಇಲ್ಲ, ಒಂದೇ ವಸ್ತು ಸಿಗುವುದು ಕಷ್ಟ. ಪುರಾಣಕಥೆಗೆ ಭೀಮಾಶಂಕರ ಚೆನ್ನಾಗಿದೆ: ತ್ರಿಪುರಾಸುರನ ಜೊತೆ ಯುದ್ಧ ಮುಗಿದ ಮೇಲೆ ಶಿವನ ಬೆವರೇ ಭೀಮಾ ನದಿಯಾಯಿತು ಎಂದು ಹೇಳುತ್ತಾರೆ. ವಿಜಯಪುರ, ಕಲಬುರಗಿಯ ಮಕ್ಕಳಿಗೆ ಅದು ಊರಿನ ನದಿ. ಐತಿಹ್ಯಕ್ಕೆ ಸಿಂಹಗಡ. 1670ರಲ್ಲಿ ತಾನಾಜಿ ಆ ಕೋಟೆಗಾಗಿ ಹೋರಾಡಿ ಸತ್ತದ್ದು ಇತಿಹಾಸ. ಯಶವಂತಿ ಎಂಬ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಿದರು ಅನ್ನುವುದು ಐತಿಹ್ಯ. ತಾನಾಜಿ ಸತ್ತ ಮೇಲೆಯೇ ಕೋಟೆಗೆ ಸಿಂಹಗಡ ಎಂಬ ಹೆಸರು ಬಂತು ಅನ್ನುವುದೂ ಐತಿಹ್ಯವೇ, ಹೆಸರು ಅದಕ್ಕೂ ಹಿಂದಿನ ಪತ್ರದಲ್ಲೇ ಇದೆ ಎಂದು ಇತಿಹಾಸಕಾರರು ತೋರಿಸಿದ್ದಾರೆ. ನೀತಿಕಥೆಗೆ ನದಿಯ ಮೊಸಳೆ, ಕೋತಿಯ ಕಥೆ ನಡೆಯುತ್ತದೆ. ನದಿ, ಬೆಟ್ಟ, ನದಿ ಎಂದು ಸರಪಳಿ ಸ್ವಲ್ಪ ಸಡಿಲ, ಅದು ಗೊತ್ತಿರಲಿ. ದೇವರಿರುವ ನೀತಿಕಥೆ ಬೇಕೆಂದಾದರೆ ಅಲ್ಲೂ ಟಿಟ್ಟಿಭವನ್ನೇ ಹಿಡಿಯುವುದು ವಾಸಿ.

ಹತ್ತಿತೋ ಇಲ್ಲವೋ ಎಂದು ತಿಳಿಯುವುದು

ಮಾತು ಮುಗಿದ ಮೇಲೆ ಉದಾಹರಣೆ ಕೇಳಬೇಡಿ, ಹೇಳಿದ್ದನ್ನೇ ತಿರುಗಿಸಿ ಕೊಡುತ್ತಾರೆ. ಬದಲಿಗೆ ಒಂದು ಹೊಸ ಕಥೆಯನ್ನು ಅವರ ಮುಂದೆ ಹಾಕಿ. ವಾಲ್ಕೇಶ್ವರದ ಬಾಣಗಂಗಾ ಇದಕ್ಕೆ ಹೇಳಿ ಮಾಡಿಸಿದ್ದು. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಅಲ್ಲಿ ಬಾಯಾರಿತು, ಲಕ್ಷ್ಮಣ ನೆಲಕ್ಕೆ ಬಾಣ ಬಿಟ್ಟ, ಸಮುದ್ರದ ಪಕ್ಕದಲ್ಲೇ ಸಿಹಿನೀರು ಉಕ್ಕಿತು, ರಾಮ ಮರಳಿನಿಂದ ಲಿಂಗ ಮಾಡಿ ಪೂಜಿಸಿದ ಎಂದು ಹೇಳುತ್ತಾರೆ. ಕೆರೆ ಇವತ್ತಿಗೂ ಇದೆ.

ತರಗತಿ ಎರಡಾಗುತ್ತದೆ. ಕೆಲವರು ಪುರಾಣಕಥೆ ಅನ್ನುತ್ತಾರೆ, ಕೆಲವರು ಐತಿಹ್ಯ ಅನ್ನುತ್ತಾರೆ. ಎರಡೂ ಉತ್ತರ ನಡೆಯುತ್ತದೆ, ನೀವು ನೋಡಬೇಕಾದದ್ದು ಕಾರಣವನ್ನು. 'ತುಂಬಾ ಹಿಂದಿನ ಯುಗದ್ದು, ನೀರು ಹೇಗೆ ಹುಟ್ಟಿತು ಅಂತ ಹೇಳುತ್ತದೆ, ಜನ ಅಲ್ಲಿ ಪೂಜೆ ಮಾಡುತ್ತಾರೆ' ಎಂದವರಿಗೆ ಹತ್ತಿದೆ. 'ಮುಂಬೈ ಆಗಲೇ ಇತ್ತು, ನೆಲ ಇತ್ತು, ಒಂದು ಕೆರೆಯ ಕಥೆ ಮಾತ್ರ' ಎಂದವರಿಗೂ ಹತ್ತಿದೆ. 'ರಾಮ ಇದ್ದಾನಲ್ಲ, ಅದಕ್ಕೇ ಪುರಾಣ' ಎಂದು ಹೆಚ್ಚಿನವರು ಹೇಳಿದರೆ ಮೊದಲಿನಿಂದ ಎಲ್ಲ ಹೇಳುವುದು ಬೇಡ. ಮರುದಿನ ಟಿಟ್ಟಿಭದ ಕಥೆಯೊಂದನ್ನೇ ಮತ್ತೆ ಹೇಳಿ, ಅಲ್ಲಿ ವಿಷ್ಣು ಏನು ಮಾಡುತ್ತಿದ್ದ ಎಂದು ಕೇಳಿ.